ದಾವಣಿಯಲ್ಲಿ ನಾಲ್ಕು ಎಮ್ಮೆ

ಚಿಕ್ಕೋಡಿ ಕಡೆಯ ರಸ್ತೆಬದಿಯ ಶೆಡ್ಡಿನಲ್ಲಿ ಇಳಿಹೊತ್ತಿನ ಬಿಸಿಲು ಇನ್ನೂ ಆರಿಲ್ಲ. ಹರಿಯಾಣದ ಲಾರಿ ಹಿಂದಿನ ರಾತ್ರಿ ಇಳಿಸಿ ಹೋದ ಎಮ್ಮೆಗಳ ಮೈಗೆ ದಲ್ಲಾಳಿಯ ಹುಡುಗ ಎಣ್ಣೆ ತಿಕ್ಕುತ್ತಿದ್ದಾನೆ. ನೆಲಕ್ಕೆ ನೀರು ಸುರಿದಿದ್ದಾರೆ. ಗಂಜಲ, ಹಿಂಡಿ, ಕಬ್ಬಿನ ಸೋಗೆಗಳ ವಾಸನೆ ಒಂದರೊಳಗೊಂದು ಬೆರೆತಿದೆ. ದಾವಣಿಯ ಮುಂದೆ ಮೂವರು ನಿಂತಿದ್ದಾರೆ: ಗಂಡ, ಹೆಂಡತಿ, ಜೊತೆಗೆ ಎಮ್ಮೆ ಬಲ್ಲ ಕಾಕಾ. ಇವರದು ಎರಡು ಎಕರೆ. ಅರ್ಧದಲ್ಲಿ ಕಬ್ಬು, ಉಳಿದದ್ದರಲ್ಲಿ ಜೋಳ, ಬದುವಿನ ಪಕ್ಕ ಐದಾರು ಗುಂಟೆ ನೇಪಿಯರ್ ಹುಲ್ಲು. ಬೇಕಿರುವುದು ಎರಡು ಎಮ್ಮೆ.

ಮೊದಲು ಕಣ್ಣಿಗೆ ಬೀಳುವುದು ಮುರ್ರಾ. ಇದ್ದಿಲಿನ ಕಪ್ಪು, ಬಿಗಿಯಾಗಿ ಸುರುಳಿ ಸುತ್ತಿದ ಗಿಡ್ಡ ಕೊಂಬು, ಹಿಂದಕ್ಕೆ ಹೋದಷ್ಟೂ ಅಗಲವಾಗುವ ಮೈ. ರೋಹ್ಟಕ್, ಹಿಸ್ಸಾರ್, ಜೀಂದ್ ಇದರ ತವರು. ಅದರಾಚೆ ಸೌರಾಷ್ಟ್ರದ ಜಾಫರಾಬಾದಿ. ಹಣೆ ಉಬ್ಬಿ ಕಣ್ಣನ್ನು ಅರ್ಧ ಮುಚ್ಚಿದೆ, ಅಗಲವಾದ ಭಾರದ ಕೊಂಬು ಕತ್ತಿನ ಎರಡೂ ಬದಿಗೆ ಜೋತುಬಿದ್ದು ತುದಿಯಲ್ಲಿ ಮಾತ್ರ ಮೇಲಕ್ಕೆ ತಿರುಗಿದೆ. ಪಕ್ಕದಲ್ಲಿ ಗುಜರಾತದ್ದೇ ಆದ ಮೆಹಸಾಣಾ, ಮುರ್ರಾ ಮತ್ತು ಸುರ್ತಿ ಎರಡರ ರಕ್ತವೂ ಬೆರೆತದ್ದು. ಕೊನೆಯ ಗೂಟಕ್ಕೆ, ಯಾರೂ ಎಣ್ಣೆ ಹಚ್ಚದ ಪಂಢರಪುರಿ. ಉದ್ದ ಸಪೂರ ಮುಖ, ಭುಜ ದಾಟಿ ಕತ್ತಿಯಂತೆ ಹಿಂದಕ್ಕೆ ಚಾಚಿದ ಕೊಂಬು. ಸೊಲ್ಲಾಪುರ, ಕೊಲ್ಲಾಪುರದಿಂದ ಬೆಳಗಾವಿಯವರೆಗಿನ ಒಣಸೀಮೆಯ ಪ್ರಾಣಿ ಇದು, ಇಲ್ಲಿಯ ನೀರು ಬಿಸಿಲು ಇದಕ್ಕೆ ಹೊಸತಲ್ಲ.

ದಲ್ಲಾಳಿ ಮುರ್ರಾದ ಬೆನ್ನು ತಟ್ಟಿದ. “ಅಕ್ಕಾರ, ಇದು ಹದಿನಾಲ್ಕು ಲೀಟರಿನ ಮಾಲು. ನಿಂತು ನೋಡ್ರಿ.”

“ನೋಡೂದಲ್ಲರೀ ಅಣ್ಣಾ, ನಾನ ಹಿಂಡತೀನಿ.”

ಕಾಕಾ ಅಷ್ಟರಲ್ಲಿ ಕುಕ್ಕರುಗಾಲಲ್ಲಿ ಕೂತು ಕೆಚ್ಚಲು ನೋಡುತ್ತಿದ್ದ. “ಮುಂಜಾನೆ ಹಿಂಡೀರೇನು?”

“ಹಿಂಡೀವ್ರೀ ಕಾಕಾ.”

“ಹಿಂಡಿದ್ರ ಮೊಲಿಯಿಂದ ಹಾಲು ಹಿಂಗ್ಯಾಕ ಸೋರತೈತಿ?”

ದಲ್ಲಾಳಿ ನಕ್ಕು ಬೇರೆ ಕಡೆ ನೋಡಿದ. ಶೆಡ್ಡುಗಳಲ್ಲಿ ಇದು ಹಳೆಯ ಆಟ. ಒಂದು ಹೊತ್ತು ಹಿಂಡದೆ ಬಿಟ್ಟರೆ ಕೆಚ್ಚಲು ಬಿಗಿದು ದೊಡ್ಡದಾಗಿ ಕಾಣುತ್ತದೆ, ಹಾಲೂ ಒಂದೂವರೆ ಪಟ್ಟು ಬರುತ್ತದೆ. ಅದಕ್ಕೇ ಮೊದಲ ಹಿಂಡಿಕೆ ಲೆಕ್ಕಕ್ಕಿಲ್ಲ. ಅದನ್ನು ಪೂರ್ತಿ ಬರಿದು ಮಾಡಿ, ಮರುದಿನದ ಮುಂಜಾನೆ ಮತ್ತು ಸಂಜೆಯ ಹಾಲನ್ನು ಅಳೆದರೆ ನಿಜ ತಿಳಿಯುತ್ತದೆ. ನಿಜವಾದ ಎಮ್ಮೆಯ ಕೆಚ್ಚಲು ಹಿಂಡಿದ ಮೇಲೆ ಖಾಲಿ ಚೀಲದಂತೆ ಮಡಿಕೆ ಬೀಳಬೇಕು. ಹಿಂಡಿದ ಮೇಲೂ ಗಟ್ಟಿಯಾಗಿಯೇ ಉಳಿದರೆ ಅದು ಮಾಂಸ, ಇಲ್ಲವೇ ಹಳೆಯ ಕೆಚ್ಚಲು ಬಾವಿನ ಗಂಟು.

ಹೆಂಡತಿ ನಾಲ್ಕೂ ಮೊಲೆಯ ಮೊದಲ ಧಾರೆಯನ್ನು ಕಪ್ಪು ತಟ್ಟೆಗೆ ಬಿಟ್ಟು ಗರಣೆ ಇದೆಯೇ ಎಂದು ನೋಡಿದಳು. ಆಮೇಲೆ ಕರು ಬಿಡಿ ಎಂದಳು. ಎಮ್ಮೆ ಕರುವನ್ನು ಮೂಸಿತು, ನೆಕ್ಕಲಿಲ್ಲ, ಕಾಲು ಝಾಡಿಸಿತು. ಕರು ಇದರದಲ್ಲ. ದಾರಿಯಲ್ಲಿ ಕರು ಸತ್ತ ಎಮ್ಮೆಗೆ ಬೇರೆ ಕರು ಕಟ್ಟಿ, ಆಕ್ಸಿಟೋಸಿನ್ ಚುಚ್ಚಿ ತೊರೆ ಬಿಡಿಸುವವರಿದ್ದಾರೆ. ಆ ಚುಚ್ಚು ರೂಢಿಯಾದ ಎಮ್ಮೆ ಮನೆಗೆ ಬಂದ ಮೇಲೆ ಸೂಜಿಯಿಲ್ಲದೆ ಹಾಲು ಇಳಿಸುವುದಿಲ್ಲ. ಹಾಲು ಇಳಿಸುವ ಸ್ವಭಾವದಲ್ಲಿ ಪಂಢರಪುರಿಯನ್ನು ಮೀರಿಸುವುದು ಕಷ್ಟ. ಕೊಲ್ಲಾಪುರದ ಗಂಗಾವೇಶದ ಹಾಲಿನ ಕಟ್ಟೆಗೆ ಎಮ್ಮೆಯನ್ನೇ ಹೊಡೆದುಕೊಂಡು ಬಂದು, ಬೀದಿಯ ಗದ್ದಲದಲ್ಲಿ ಗಿರಾಕಿಯ ಎದುರೇ ಕರೆದು ಕೊಡುವ ರೂಢಿ ಬೆಳೆದದ್ದಕ್ಕೆ ಈ ಸ್ವಭಾವವೂ ಕಾರಣ.

ಗಂಡನ ಕಣ್ಣು ಮಾತ್ರ ಜಾಫರಾಬಾದಿಯ ಮೇಲೆ. ಅದರ ಹಾಲಿನ ಫ್ಯಾಟು ದೊಡ್ಡದು ಎಂದು ಕೇಳಿದ್ದಾನೆ. ಕೇಳಿದ್ದು ಸುಳ್ಳಲ್ಲ. ಡೈರಿ ಎಮ್ಮೆಹಾಲಿಗೆ ದುಡ್ಡು ಕೊಡುವುದು ಮುಖ್ಯವಾಗಿ ಫ್ಯಾಟ್ ನೋಡಿಯೇ. ಆರೂವರೆ ಫ್ಯಾಟಿನ 10 ಲೀಟರಿನಲ್ಲಿ ಸುಮಾರು 650 ಗ್ರಾಂ ಕೊಬ್ಬು ಇದ್ದರೆ, ಎಂಟು ಫ್ಯಾಟಿನ 8 ಲೀಟರಿನಲ್ಲಿ 640 ಗ್ರಾಂ ಇರುತ್ತದೆ. ಅಂದರೆ ಎರಡು ಲೀಟರು ಕಡಿಮೆ ಕೊಟ್ಟರೂ ಜಾಫರಾಬಾದಿ ಮುರ್ರಾಕ್ಕೆ ಸಮಸಮ. ಖೋವೆಯವರು, ತುಪ್ಪದವರು ಅದನ್ನು ಹುಡುಕಿಕೊಂಡು ಹೋಗುವುದೂ ಇದಕ್ಕೇ.

ಆದರೆ ಗೋದಲಿ ಬೇರೆ ಲೆಕ್ಕ ಹೇಳುತ್ತದೆ. ಹಾಲು ಕೊಡುವ ಎಮ್ಮೆ ದಿನಕ್ಕೆ ತನ್ನ ತೂಕದ ಸುಮಾರು ನೂರಕ್ಕೆ ಮೂರರಷ್ಟು ಒಣಾಂಶ ತಿನ್ನುತ್ತದೆ. 500 ಕಿಲೋದ ಮುರ್ರಾಕ್ಕೆ ಅದು 15 ಕಿಲೋ, 650 ಕಿಲೋದ ಜಾಫರಾಬಾದಿಗೆ ಹತ್ತೊಂಬತ್ತೂವರೆ. ನಡುವಿನ ನಾಲ್ಕೂವರೆ ಕಿಲೋವನ್ನು ಹಸಿ ನೇಪಿಯರಿನಲ್ಲಿ ತುಂಬಬೇಕೆಂದರೆ ದಿನಾ ಇನ್ನೊಂದು 20 ಕಿಲೋ ಹುಲ್ಲು ಕೊಯ್ಯಬೇಕು. ಐದಾರು ಗುಂಟೆಯವನಿಗೆ ಅದೆಲ್ಲಿಂದ ಬರಬೇಕು? ಗಿರ್ ಕಾಡಿನ ಸುತ್ತ ಮಾಲಧಾರಿಗಳು ಮೇಯಿಸಿ ಬೆಳೆಸಿದ ತಳಿ ಇದು. ಕಟ್ಟಿಹಾಕಿ ಮೇವು ಕೊಂಡು ಹಾಕುವವರಿಗೆ ಸರಿಹೋಗುವುದಿಲ್ಲ. ಮಣಕ ಗಬ್ಬ ಕಟ್ಟುವುದೂ ತಡ, ಹಾಗಾಗಿ ಕರು ಸಾಕಿ ಹಿಂಡು ಬೆಳೆಸುವ ಆಸೆಗೂ ತಾಳ್ಮೆ ಬೇಕು.

ಇನ್ನು ಮುರ್ರಾ. ಹಾಲಿನಲ್ಲಿ ಅದನ್ನು ಹಿಂದಿಕ್ಕುವ ತಳಿ ಈ ದಾವಣಿಯಲ್ಲಿಲ್ಲ. ಆದರೆ ಎರಡು ಎಮ್ಮೆಯವರನ್ನು ಮುಳುಗಿಸುವುದು ಹಾಲಲ್ಲ, ಬರಡು ತಿಂಗಳುಗಳು. ಎಮ್ಮೆ ಹತ್ತು ತಿಂಗಳು ಗಬ್ಬ ಹೊರುತ್ತದೆ. ಈದ ನಾಲ್ಕೈದು ತಿಂಗಳೊಳಗೆ ಮತ್ತೆ ನಿಂತರೆ ಎರಡು ಸೂಲಿನ ನಡುವೆ ಹದಿನೈದು ತಿಂಗಳು. ಬೇಸಿಗೆಯಲ್ಲಿ ಎಮ್ಮೆಯ ಬೆದೆ ಮೂಕವಾಗಿರುತ್ತದೆ. ಎಷ್ಟೋ ಸಲ ರಾತ್ರಿ ಬಂದು ಬೆಳಗಿಗೆ ಇಳಿದಿರುತ್ತದೆ, ಒದರುವುದೂ ಕಡಿಮೆ. ಬಾಲದ ಬುಡದಲ್ಲಿ ಲೋಳೆಯ ಎಳೆ, ಪದೇ ಪದೇ ಗಂಜಲ, ತಟ್ಟನೆ ಇಳಿದ ಹಾಲು, ಇಷ್ಟೇ ಗುರುತು. ನಸುಕಿನಲ್ಲಿ ಎದ್ದು ನೋಡದವರಿಗೆ ಮೂರು ವಾರ ಕೈತಪ್ಪಿತೆಂದೇ ಅರ್ಥ. ಎರಡು ದಿನ ಲಾರಿಯಲ್ಲಿ ನಿಂತು ಬಂದು, ಹೊಸ ನೀರು ಹೊಸ ಮೇವಿಗೆ ಬಿದ್ದ ಎಮ್ಮೆಗೆ ಈ ತೊಂದರೆ ಇನ್ನೂ ಹೆಚ್ಚು.

ಕಾಕಾ ಅದನ್ನು ಕಡ್ಡಿಯಲ್ಲಿ ಮಣ್ಣಿನ ಮೇಲೆ ಗೀಚಿ ತೋರಿಸಿದ. ಮುರ್ರಾ ಒಂದು ಸೂಲಿಗೆ 2000 ಲೀಟರ್ ಕೊಟ್ಟು ಹದಿನೈದು ತಿಂಗಳಿಗೆ ಈದರೆ, ಹಾಲಿಲ್ಲದ ದಿನಗಳನ್ನೂ ಸೇರಿಸಿ ದಿನಕ್ಕೆ ನಾಲ್ಕೂಕಾಲು ಲೀಟರಿಗಿಂತ ತುಸು ಮೇಲೆ. ಅದೇ ಎಮ್ಮೆ ಇಪ್ಪತ್ತು ತಿಂಗಳಿಗೆ ಈದರೆ ಮೂರೂಕಾಲಕ್ಕೆ ಬಂತು. ಪಂಢರಪುರಿ ಸೂಲಿಗೆ 1500 ಲೀಟರೇ ಕೊಡಲಿ, ಹದಿನಾಲ್ಕು ತಿಂಗಳಿಗೆ ಈದರೆ ದಿನಕ್ಕೆ ಮೂರೂವರೆ ಬಿತ್ತು, ಅದೂ ಜೋಳದ ಕಣಿಕೆ ಸೋಗೆಯ ಮೇಲೆ. ಹದಿನಾಲ್ಕು ಲೀಟರಿನ ಮಾತು ಅಲ್ಲಿಗೆ ನಿಂತಿತು.

ಧಾರವಾಡಿ ಎಮ್ಮೆಯ ಮಾತೂ ಬಂತು. 2021ರಲ್ಲಿ ದೇಶದ ತಳಿಪಟ್ಟಿಗೆ ಸೇರಿದ, ಪೇಢೆಯ ಊರಿನ ಆ ಎಮ್ಮೆ ಬರಗಾಲಕ್ಕೂ ಬಗ್ಗುವುದಿಲ್ಲ. ಆದರೆ ಸೂಲಿಗೆ ಸಾವಿರ ಲೀಟರಿನ ಆಸುಪಾಸು ಕೊಡುವ ಅದನ್ನು ಬರೀ ಡೈರಿ ದುಡ್ಡಿಗೆಂದು ಕಟ್ಟಿದರೆ ಸಾಲದ ಕಂತು ತೀರುವುದಿಲ್ಲ.

ಮರುದಿನ ಎರಡು ಹೊತ್ತು ಹಿಂಡಿದ ಮೇಲೆ ಹೆಂಡತಿ ಆರಿಸಿದ್ದು ಎರಡನೇ ಸೂಲಿನ ಪಂಢರಪುರಿಯನ್ನು. ಎರಡನೆಯದನ್ನು ಆರು ತಿಂಗಳು ಬಿಟ್ಟು ತರುವುದೆಂದು ಮಾತಾಯಿತು. ಎರಡೂ ಒಟ್ಟಿಗೆ ಬತ್ತಿದರೆ ಮನೆಗೆ ದುಡ್ಡಿಲ್ಲ. ಆ ಎರಡನೆಯದು ಮುರ್ರಾ ಆಗಬಹುದು, ಆದರೆ ಲಾರಿಯದಲ್ಲ, ಸುತ್ತಲಿನ ಊರಲ್ಲೇ ಹುಟ್ಟಿ ಈದದ್ದು.

ನನ್ನ ತೀರ್ಪೂ ಅದೇ. ವರ್ಷಪೂರ್ತಿ ಹಸಿಮೇವು, ಮಧ್ಯಾಹ್ನ ಮೈಗೆ ನೀರು, ಕರೆದ ದಿನವೇ ಬರುವ ಇನ್ಸೆಮಿನೇಷನ್ ಕೆಲಸಗಾರ, ಈ ಮೂರೂ ಇರುವವರು ಮುರ್ರಾ ಕಟ್ಟಲಿ. ಮೇಯಲು ಬಯಲಿದ್ದು, ಖೋವೆ ತುಪ್ಪದ ಖಾಯಂ ಗಿರಾಕಿ ಇರುವವರು ಜಾಫರಾಬಾದಿ ನೋಡಲಿ. ಉಳಿದವರು ಹತ್ತಿರದ ಸೀಮೆಯ ಎಮ್ಮೆಯನ್ನೇ ಹುಡುಕಲಿ. ಯಾವುದನ್ನೇ ತರಲಿ, ಮೊದಲ ಹಿಂಡಿಕೆ ಚೆಲ್ಲಿ, ಮುಂದಿನ ಎರಡು ಹೊತ್ತು ಸ್ವಂತ ಕೈಯಿಂದ ಹಿಂಡಿ, ಬ್ರುಸೆಲ್ಲಾ ಪರೀಕ್ಷೆಗೆ ರಕ್ತ ಕೊಟ್ಟ ಮೇಲಷ್ಟೇ ಮುಂಗಡ ಎಣಿಸಿ.