ಲಿಫ್ಟ್ ವಿಷಯ ಏನಾಯ್ತು?

ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘಗಳ ವಾಟ್ಸಾಪ್ ಗುಂಪುಗಳಲ್ಲಿ ಕಮಿಟಿ ಸಭೆ ನಡೆದ ನಾಲ್ಕೈದು ದಿನಕ್ಕೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: "ಸರ್, ಲಿಫ್ಟ್ ವಿಷಯ ಏನಾಯ್ತು?" ಸಭೆಯಲ್ಲಿ ಕೂತಿದ್ದವರೇ ಮೂರು ಥರ ಉತ್ತರ ಕೊಡುತ್ತಾರೆ. ಒಬ್ಬರು ಹಳೇ ಕಂಪನಿಗೇ ಕೊಡೋದು ಅಂತಾಯ್ತು ಎನ್ನುತ್ತಾರೆ. ಇನ್ನೊಬ್ಬರು ಬೇರೆ ಕಡೆ ಕೊಟೇಶನ್ ತರಿಸೋಣ ಅಂತ ಮಾತಾಯ್ತಲ್ಲ ಎನ್ನುತ್ತಾರೆ. ಮೂರನೆಯವರಿಗೆ ಅದನ್ನು ಮುಂದಿನ ಸಭೆಗೆ ಹಾಕಿದ ನೆನಪು. ಯಾರೂ ಸುಳ್ಳು ಹೇಳುತ್ತಿಲ್ಲ. ಸಭೆಯಲ್ಲಿ ಮೂರೂ ಮಾತು ಬಂದಿದ್ದವು. ಕೊನೆಗೆ ನಿಂತ ಮಾತು ಯಾವುದು ಎಂದು ಯಾರೂ ಬರೆಯಲಿಲ್ಲ, ಅಷ್ಟೆ.

ಬರೆಯಬೇಕಾದದ್ದು ಒಂದು ಚಿಕ್ಕ ಇಮೇಲ್. ಇದನ್ನು ಸಭಾ ನಡಾವಳಿಯ ಜೊತೆ ಬೆರೆಸಬಾರದು. ನಡಾವಳಿ ದಾಖಲೆಗಾಗಿ ಇರುವಂಥದ್ದು, ಅದಕ್ಕೆ ಅವಸರವಿಲ್ಲ. ಕಂಪನಿಗಳ ನಿರ್ದೇಶಕರ ಸಭೆಯ ನಡಾವಳಿಯನ್ನು ಪುಸ್ತಕಕ್ಕೆ ಸೇರಿಸಲು 2013ರ ಕಂಪನಿ ಕಾಯ್ದೆಯೇ 30 ದಿನ ಕೊಟ್ಟಿದೆ. ನಾನು ಹೇಳುತ್ತಿರುವ ಮೇಲ್ ಕೆಲಸ ನಡೆಸುವುದಕ್ಕಾಗಿ ಇರುವಂಥದ್ದು. ಅದು ಅದೇ ದಿನ ಸಂಜೆ ಹೋಗಬೇಕು, ತಡವಾದರೆ ಮರುದಿನ ಬೆಳಿಗ್ಗೆ. ಎರಡು ದಿನ ಕಳೆದರೆ ಬರೆಯುವವರ ನೆನಪೂ ಆ ಮೂರು ಉತ್ತರಗಳಲ್ಲಿ ಒಂದಾಗಿಬಿಡುತ್ತದೆ.

ಒಂದು ಸಭೆಯನ್ನೇ ಕಲ್ಪಿಸಿಕೊಳ್ಳೋಣ. ಜೂನ್ 8, ಭಾನುವಾರ. ಲಿಫ್ಟ್ ನಿರ್ವಹಣೆಯ ವಾರ್ಷಿಕ ಒಪ್ಪಂದ, ಅಂದರೆ ಎಎಂಸಿ, ಜೂನ್ 30ಕ್ಕೆ ಮುಗಿಯುತ್ತದೆ. ಮುಕ್ಕಾಲು ಗಂಟೆ ಚರ್ಚೆ ಆಗಿದೆ. ಆ ರಾತ್ರಿ ಕಾರ್ಯದರ್ಶಿ ಹೀಗೆ ಬರೆಯುತ್ತಾರೆ: "ಲಿಫ್ಟ್ ನಿರ್ವಹಣೆಯ ಬಗ್ಗೆ ವಿವರವಾಗಿ ಚರ್ಚಿಸಲಾಯಿತು. ಕೊಟೇಶನ್ ತರಿಸಿ ಆದಷ್ಟು ಬೇಗ ಸೂಕ್ತ ಕ್ರಮ ಕೈಗೊಳ್ಳಲಾಗುವುದು."

ಓದಲು ಗಂಭೀರವಾಗಿದೆ. ಆದರೆ ಕೊಟೇಶನ್ ತರಿಸುವವರು ಯಾರು, ಎಷ್ಟು ಕಡೆಯಿಂದ, ಯಾವತ್ತಿನೊಳಗೆ, ಬಂದ ಮೇಲೆ ಆರಿಸುವವರು ಯಾರು? ಒಂದಕ್ಕೂ ಉತ್ತರವಿಲ್ಲ. "ಮಾಡಲಾಗುವುದು" ಎಂಬ ಸರ್ಕಾರಿ ಧಾಟಿಯ ವಾಕ್ಯದಲ್ಲಿ ಮಾಡುವವರೇ ಕಾಣೆಯಾಗುತ್ತಾರೆ. ಹೀಗಾಗಿ ಕಮಿಟಿಯ ಏಳು ಜನರಲ್ಲಿ ಪ್ರತಿಯೊಬ್ಬರೂ ಉಳಿದ ಆರು ಜನರಲ್ಲಿ ಯಾರೋ ಫೋನ್ ಮಾಡಿರುತ್ತಾರೆ ಎಂದುಕೊಂಡು ಸುಮ್ಮನಿರುತ್ತಾರೆ. ಜೂನ್ 29ಕ್ಕೆ ಗುಂಪಿನಲ್ಲಿ ಮತ್ತೆ ಅದೇ ಪ್ರಶ್ನೆ.

ಅದನ್ನೇ ಹೀಗೆ ಬರೆಯಬಹುದಿತ್ತು:

"ತೀರ್ಮಾನ: ಲಿಫ್ಟ್ ಎಎಂಸಿಯನ್ನು ಒಂದು ವರ್ಷಕ್ಕೆ, ಬಿಡಿಭಾಗಗಳ ವೆಚ್ಚವೂ ಸೇರಿದಂತೆ ಕೊಡುವುದು. ಈಗಿನ ಕಂಪನಿಯೂ ಸೇರಿ ಮೂರು ಕೊಟೇಶನ್ ತರಿಸುವುದು.
ಹೊಣೆ: ಖಜಾಂಚಿ. ನೆರವು: ಎಸ್ಟೇಟ್ ಮ್ಯಾನೇಜರ್.
ಗಡುವು: ಜೂನ್ 18, ಬುಧವಾರ ಸಂಜೆ 6ಕ್ಕೆ ಮೂರೂ ಕೊಟೇಶನ್ ಕಮಿಟಿಯ ಕೈಗೆ. ಅಧ್ಯಕ್ಷರು ಮತ್ತು ಖಜಾಂಚಿ ಸೇರಿ ಜೂನ್ 22ರೊಳಗೆ ಆಯ್ಕೆ ಮಾಡುತ್ತಾರೆ, ಮತ್ತೆ ಸಭೆ ಕರೆಯುವುದಿಲ್ಲ.
ತೀರ್ಮಾನ ಆಗದ್ದು: ಹೆಚ್ಚಾಗುವ ಖರ್ಚನ್ನು ನೆಲಮಹಡಿಯ ಮನೆಗಳಿಗೂ ಹಂಚಬೇಕೆ? ಜುಲೈ 6ರ ಸಭೆಗೆ."

ಬಿಡಿಭಾಗದ ಮಾತು ಮೊದಲ ಸಾಲಿಗೇ ಬಂದಿರುವುದಕ್ಕೆ ಕಾರಣವಿದೆ. ಎಎಂಸಿಯಲ್ಲಿ ಎರಡು ಬಗೆ: ಒಂದರಲ್ಲಿ ಸರ್ವಿಸ್ ಮಾತ್ರ, ಇನ್ನೊಂದರಲ್ಲಿ ಕೆಟ್ಟ ಭಾಗ ಬದಲಿಸುವ ಖರ್ಚೂ ಸೇರಿರುತ್ತದೆ. ಯಾವುದು ಎಂದು ಬರೆಯದಿದ್ದರೆ ಮೂರು ಕಂಪನಿಗಳು ಮೂರು ಬಗೆಯ ದರ ಕಳಿಸುತ್ತವೆ. ಹೋಲಿಸಲು ಆಗದೆ ಮತ್ತೊಂದು ವಾರ ಹೋಗುತ್ತದೆ. ಅಂದರೆ ಕೆಲಸ ಹಿಡಿದವರು ಮತ್ತೆ ಬಂದು ಕೇಳಬೇಕಾದ ಷರತ್ತೇನಾದರೂ ಇದ್ದರೆ ಅದು ತೀರ್ಮಾನದ ಸಾಲಿನಲ್ಲೇ ಇರಬೇಕು. ಅದಕ್ಕೆ ಮೊದಲು ಯಾರು ಏನು ವಾದಿಸಿದರು ಎಂಬುದು ಈ ಮೇಲ್‌ಗೆ ಬೇಡ.

ಹೊಣೆಯ ಜಾಗದಲ್ಲಿ ಒಬ್ಬರೇ ಇದ್ದಾರೆ, ಅದೂ ಬೇಕೆಂದೇ. "ಖಜಾಂಚಿ ಮತ್ತು ಕಾರ್ಯದರ್ಶಿ" ಎಂದು ಬರೆದರೆ ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಾರೆ. ಕೆಲಸ ಎಷ್ಟು ಜನರಾದರೂ ಮಾಡಲಿ, "ಆಯಿತಾ?" ಎಂದು ಕೇಳಿದಾಗ ಉತ್ತರ ಕೊಡುವವರು ಒಬ್ಬರೇ ಇರಬೇಕು. ಆಪಲ್ ಕಂಪನಿಯಲ್ಲಿ ಇಂಥವರಿಗೆಂದೇ "ಡಿಆರ್‌ಐ" ಎಂಬ ಹೆಸರಿದೆ, ನೇರವಾಗಿ ಹೊಣೆ ಹೊತ್ತ ಒಬ್ಬ ವ್ಯಕ್ತಿ ಎಂದು ಅದರ ಅರ್ಥ.

ಈ ಮೇಲ್ ಬರೆಯುವಾಗ ಆಗುವ ದೊಡ್ಡ ತಪ್ಪು ಇಲ್ಲೇ. ಬರೆಯಲು ಕೂತಾಗ ಹೊಣೆಯ ಜಾಗ ಖಾಲಿ ಇರುವುದು ಕಾಣುತ್ತದೆ. ಆಗ ಸರಿ ಅನ್ನಿಸಿದ ಒಂದು ಹೆಸರು ತುಂಬಿ ಕಳಿಸಿಬಿಡುತ್ತಾರೆ. ಆ ಸಭೆಗೇ ಬಾರದವರ ಹೆಸರಾಗಿದ್ದರಂತೂ ಮುಗಿಯಿತು, "ನನ್ನನ್ನು ಕೇಳದೆ ಹೇಗೆ ಹಾಕಿದಿರಿ?" ಎಂಬ ಜಗಳ ಶುರು. ಹೆಸರು ಖಾಲಿ ಇದೆ ಎಂದರೆ ಸಭೆಯಲ್ಲಿ ತೀರ್ಮಾನವೇ ಪೂರ್ತಿ ಆಗಿಲ್ಲ. ಆ ಕೊರತೆಯನ್ನು ಮೇಲ್ ತುಂಬಲಾರದು. ಆದ್ದರಿಂದ ಈ ಮೇಲ್‌ನ ಮುಕ್ಕಾಲು ಪಾಲು ಸಭೆ ನಡೆಯುವಾಗಲೇ ತಯಾರಾಗಬೇಕು. ಒಂದೊಂದು ವಿಷಯ ಮುಗಿದಾಗಲೂ ಬರೆದುಕೊಳ್ಳುತ್ತ ಹೋಗಿ, ಏಳುವ ಮುಂಚಿನ ಐದು ನಿಮಿಷದಲ್ಲಿ ಸಾಲು ಸಾಲಾಗಿ ಜೋರಾಗಿ ಓದಬೇಕು: "ಕೊಟೇಶನ್ ಖಜಾಂಚಿಯವರದು, 18ನೇ ತಾರೀಕು, ಸರಿನಾ ಮೇಡಂ?" ಅವರು "18 ಆಗಲ್ಲ, 20 ಮಾಡಿ" ಎನ್ನುವುದು ಅಲ್ಲೇ ಆಗಲಿ. ತಾವೇ ಒಪ್ಪಿದ ತಾರೀಕಿಗೂ ತಮ್ಮ ಮೇಲೆ ಬಂದು ಬಿದ್ದ ತಾರೀಕಿಗೂ ಜನ ಕೊಡುವ ಬೆಲೆ ಒಂದೇ ಅಲ್ಲ.

ಗಡುವಿನಲ್ಲಿ ದಿನಾಂಕ, ವಾರ, ಹೊತ್ತು ಮೂರೂ ಇರಲಿ. "ಮುಂದಿನ ವಾರ" ಎಂಬುದು ಮೇಲ್ ತೆರೆದ ದಿನದ ಮೇಲೆ ಬದಲಾಗುತ್ತದೆ. ಬೆಂಗಳೂರು ಮತ್ತು ಕ್ಯಾಲಿಫೋರ್ನಿಯಾ ಎರಡೂ ಕಡೆ ಜನರಿರುವ ಕಚೇರಿ ತಂಡಗಳಿಗೆ "ಶುಕ್ರವಾರದೊಳಗೆ" ಎಂಬುದೂ ಸಾಲದು. ಬೇಸಿಗೆಯಲ್ಲಿ ಅವರಿಗೂ ನಮಗೂ ಹನ್ನೆರಡೂವರೆ ಗಂಟೆ ಅಂತರ, ಚಳಿಗಾಲದಲ್ಲಿ ಹದಿಮೂರೂವರೆ. ಅಲ್ಲಿ ಶುಕ್ರವಾರದ ಕೆಲಸ ಮುಗಿಯುವ ಹೊತ್ತಿಗೆ ಇಲ್ಲಿ ಶನಿವಾರ ಬೆಳಗಾಗಿರುತ್ತದೆ. "ಶುಕ್ರವಾರ ಸಂಜೆ 5, ಭಾರತೀಯ ಕಾಲಮಾನ" ಎಂದೇ ಬರೆಯಬೇಕು.

ವಿಷಯದ ಸಾಲಿನಲ್ಲಿ "ಸಭೆ" ಎಂದಷ್ಟೇ ಹಾಕಿದರೆ ಆರು ತಿಂಗಳ ನಂತರ ಹುಡುಕಲು ಸಿಗುವುದಿಲ್ಲ. "ಕಮಿಟಿ ಸಭೆ ಜೂನ್ 8: ಲಿಫ್ಟ್ ಎಎಂಸಿ, ಸಂಪ್ ಸ್ವಚ್ಛತೆ" ಎಂದಿದ್ದರೆ ಸಿಗುತ್ತದೆ. ಹೊಣೆ ಹೊತ್ತವರು To ಸಾಲಿನಲ್ಲಿರಲಿ, ತಿಳಿದಿದ್ದರೆ ಸಾಕು ಎನ್ನುವವರು Cc ಸಾಲಿನಲ್ಲಿ. ವಾಟ್ಸಾಪ್‌ನಲ್ಲಿ ಮೇಲ್ ಕಳಿಸಿದ್ದೇವೆ ಎಂದಷ್ಟೇ ತಿಳಿಸಿ. ತೀರ್ಮಾನವನ್ನೇ ಅಲ್ಲಿ ಹಾಕಿದರೆ ಹಬ್ಬದ ಶುಭಾಶಯಗಳ ಅಡಿಯಲ್ಲಿ ಹೂತುಹೋಗುತ್ತದೆ.

ಕೊನೆಗೆ ಒಂದು ವಾಕ್ಯ ಬೇಕೇ ಬೇಕು: "ನಾನು ತಪ್ಪಾಗಿ ಬರೆದಿದ್ದರೆ ಬುಧವಾರ ರಾತ್ರಿ 9ರೊಳಗೆ ಎಲ್ಲರಿಗೂ ಕಾಣುವಂತೆ ಉತ್ತರಿಸಿ, ಇಲ್ಲದಿದ್ದರೆ ಇದೇ ತೀರ್ಮಾನ." ಬರೆಯುವವರಿಗೆ ತಮ್ಮ ಅಭಿಪ್ರಾಯವನ್ನೇ ಸಭೆಯ ಅಭಿಪ್ರಾಯವೆಂದು ಬರೆದುಬಿಡುವ ಅಧಿಕಾರ ಸಿಕ್ಕಿರುತ್ತದೆ, ಎಷ್ಟೋ ಸಲ ಅವರಿಗೇ ಗೊತ್ತಾಗದಂತೆ. ಈ ವಾಕ್ಯ ಅದಕ್ಕೆ ಕಡಿವಾಣ. ಇನ್ನು ಸದಸ್ಯರೊಬ್ಬರ ಬಾಕಿ ಹಣ, ಕಾವಲುಗಾರನ ಮೇಲಿನ ದೂರು, ಇಂಥವನ್ನು ಎಲ್ಲರಿಗೂ ಹೋಗುವ ಮೇಲ್‌ನಲ್ಲಿ ಹಾಕಬಾರದು. ಸಂಬಂಧಪಟ್ಟವರಿಗೆ ಬೇರೆ ಬರೆಯಬೇಕು.

ಮೇಲ್ ಸರಿಯಾಗಿತ್ತೇ ಎಂದು ತಿಳಿಯಲು ಮುಂದಿನ ವಾರ ಬರುವ ಪ್ರಶ್ನೆಗಳನ್ನು ಗಮನಿಸಿ. "ಯಾರು ನೋಡ್ಕೊಳ್ತಿದ್ದಾರೆ?" ಎಂದು ಕೇಳಿದರೆ ಹೊಣೆಯ ಸಾಲು ಮಸುಕಾಗಿತ್ತು. "ಬಿಡಿಭಾಗ ಸೇರಿದೆಯಾ?" ಎಂದರೆ ತೀರ್ಮಾನದ ಸಾಲಿನಲ್ಲಿ ಏನೋ ಬಿಟ್ಟುಹೋಗಿತ್ತು. ಉತ್ತರ ಮೇಲ್‌ನಲ್ಲಿದ್ದೂ ಕೇಳುತ್ತಿದ್ದಾರೆ ಎಂದರೆ ಮೇಲ್ ಉದ್ದವಾಗಿತ್ತು. ಮೊಬೈಲ್ ಪರದೆಯಲ್ಲಿ ಎರಡು ಸಲ ಬೆರಳಾಡಿಸುವಷ್ಟರಲ್ಲಿ ಮುಗಿಯುವಂತಿರಬೇಕು.

ಜುಲೈ 6ರ ಸಭೆ ಶುರುವಾಗಬೇಕಾದದ್ದು ಈ ಮೇಲ್ ತೆರೆದು. ಮುಗಿದ ಸಾಲುಗಳ ಮುಂದೆ "ಆಯಿತು". ಆಗದ್ದಕ್ಕೆ ಹೊಸ ತಾರೀಕು ಹಾಕುವಾಗ ಹಳೆಯದನ್ನು ಅಳಿಸದೆ ಪಕ್ಕದಲ್ಲೇ ಉಳಿಸಬೇಕು. ಒಂದೇ ಕೆಲಸದ ಮುಂದೆ ಮೂರು ತಾರೀಕು ಸೇರಿದರೆ ನಾಲ್ಕನೆಯದನ್ನು ಬರೆಯಬೇಡಿ. ಹೊಣೆಯನ್ನು ಬೇರೆಯವರಿಗೆ ಕೊಡಿ, ಇಲ್ಲವೇ ಆ ಕೆಲಸವನ್ನೇ ಕೈಬಿಟ್ಟಿದ್ದೇವೆ ಎಂದು ಆ ದಿನದ ಮೇಲ್‌ನಲ್ಲಿ ತೀರ್ಮಾನವಾಗಿ ಬರೆಯಿರಿ.