ಪಾಯಸಕ್ಕೂ ಪೊಂಗಲಿಗೂ ಒಂದು ಭಾಗದ ಲೆಕ್ಕ

ತಾಳವಾಡಿ ಬೆಟ್ಟದ ಜೀರಹಳ್ಳಿಯಂತಹ ಊರಿನಲ್ಲಿ ನೂರಿಪ್ಪತ್ತು ಜನಕ್ಕೆ ಅಡುಗೆ ಇಟ್ಟ ಮೇಲೆ ಬೆಲ್ಲ ಸಾಲದಾದರೆ ಕೂಡಲೇ ತರುವುದು ಸುಲಭವಲ್ಲ. ಸತ್ಯಮಂಗಲದ ಪೇಟೆಗೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯಬೇಕು. ಆದ್ದರಿಂದ ಸಾಮಾನಿನ ಪಟ್ಟಿಯನ್ನು ಮೊದಲೇ ಅನುಪಾತಕ್ಕೆ ಇಳಿಸಿಟ್ಟುಕೊಳ್ಳುವುದು ಜಾಣತನ.

ಸಿಹಿ ಪೊಂಗಲನ್ನೇ ನೋಡೋಣ. ಮನೆಯ ಚೀಟಿಯಲ್ಲಿ 15 ಜನಕ್ಕೆ ಅಕ್ಕಿ ಅರ್ಧ ಕೆ.ಜಿ., ಹೆಸರುಬೇಳೆ ಕಾಲು ಕೆ.ಜಿ., ಬೆಲ್ಲ ಮುಕ್ಕಾಲು ಕೆ.ಜಿ., ತುಪ್ಪ 150 ಗ್ರಾಂ, ಗೋಡಂಬಿ 50 ಗ್ರಾಂ ಎಂದಿದೆ ಎನ್ನಿ. ಮೊದಲು ಎಲ್ಲವನ್ನೂ ಗ್ರಾಮಿನಲ್ಲೇ ಬರೆಯಿರಿ: 500, 250, 750, 150, 50. ಈ ಐದನ್ನೂ ಶೇಷವಿಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆ 50. ಅದರಿಂದ ಭಾಗಿಸಿದರೆ 10 : 5 : 15 : 3 : 1 ಬರುತ್ತದೆ. ಒಂದು ಭಾಗವೆಂದರೆ 50 ಗ್ರಾಂ. ಒಟ್ಟು 34 ಭಾಗ.

ಈಗ 120 ಜನಕ್ಕೆ ಬೇಕು. ಅಂದರೆ 8 ಪಟ್ಟು. ಒಂದು ಭಾಗ 400 ಗ್ರಾಂ ಆಯಿತು. ಅಕ್ಕಿ 4 ಕೆ.ಜಿ., ಬೇಳೆ 2, ಬೆಲ್ಲ 6, ತುಪ್ಪ 1 ಕೆ.ಜಿ. 200 ಗ್ರಾಂ, ಗೋಡಂಬಿ 400 ಗ್ರಾಂ. ತಾಳೆ ನೋಡಲು ಎಲ್ಲವನ್ನೂ ಕೂಡಿಸಿ. 34ನ್ನು 400ರಿಂದ ಗುಣಿಸಿದಷ್ಟೇ, ಅಂದರೆ 13 ಕೆ.ಜಿ. 600 ಗ್ರಾಂ ಬರಬೇಕು. ಬರದಿದ್ದರೆ ಯಾವುದೋ ಸಾಲು ತಪ್ಪಿದೆ.

ಅನುಪಾತದ ನಿಜವಾದ ಉಪಯೋಗ ಸಾಮಾನು ಕಡಿಮೆ ಬಿದ್ದಾಗ ತಿಳಿಯುತ್ತದೆ. ಮನೆಯಲ್ಲಿ ಬೆಲ್ಲ ನಾಲ್ಕೂವರೆ ಕೆ.ಜಿ. ಮಾತ್ರ ಇದೆಯೆನ್ನೋಣ. ಬೆಲ್ಲಕ್ಕೆ 15 ಭಾಗ. ಆದ್ದರಿಂದ ಒಂದು ಭಾಗ 300 ಗ್ರಾಂ. ಅಕ್ಕಿ 3 ಕೆ.ಜಿ., ಬೇಳೆ ಒಂದೂವರೆ ಕೆ.ಜಿ., ತುಪ್ಪ 900 ಗ್ರಾಂ, ಗೋಡಂಬಿ 300 ಗ್ರಾಂ ಸಾಕು. ಇದು 90 ಜನಕ್ಕೆ ಆಗುತ್ತದೆ. ಒಲೆ ಹಚ್ಚುವ ಮೊದಲೇ ಇದು ಗೊತ್ತಾದರೆ ಉಳಿದವರಿಗೆ ಬೇರೆ ಸಿಹಿ ಯೋಚಿಸಬಹುದು. ಅಕ್ಕಿ ಬೆಂದ ಮೇಲೆ ಗೊತ್ತಾದರೆ ಪೊಂಗಲ್ ಸಪ್ಪೆಯಾಗುತ್ತದೆ.

ಎರಡು ಎಚ್ಚರಿಕೆ. ಅಕ್ಕಿಯನ್ನು ಪಾವಿನಲ್ಲಿ ಅಳೆದು ಬೆಲ್ಲವನ್ನು ತಕ್ಕಡಿಯಲ್ಲಿ ತೂಗಿದರೆ ಅನುಪಾತ ಕೂಡುವುದಿಲ್ಲ. ನಿಮ್ಮ ಪಾವಿನ ತುಂಬ ಅಕ್ಕಿ ಎಷ್ಟು ಗ್ರಾಂ, ಬೇಳೆ ಎಷ್ಟು ಗ್ರಾಂ ಎಂದು ಒಮ್ಮೆ ತೂಗಿ ಬರೆದಿಡಿ. ಎರಡೂ ಒಂದೇ ಇರಬೇಕಿಲ್ಲ. ಇನ್ನು ಗೋಡಂಬಿ 40 ಗ್ರಾಂ ಎಂದಿದ್ದರೆ ಭಾಜಕ 10ಕ್ಕೆ ಇಳಿದು, 50 : 25 : 75 : 15 : 4 ಎಂದು ಚೀಟಿ ತೊಡಕಾಗುತ್ತದೆ. ಮೇಲಲಂಕಾರದ ಗೋಡಂಬಿಯನ್ನು 50 ಮಾಡಿಕೊಂಡರೆ ನಷ್ಟವಿಲ್ಲ. ಬೆಲ್ಲವನ್ನು ಹಾಗೆ ಏರಿಳಿಸಬಾರದು.

ನೀರು, ಏಲಕ್ಕಿ, ಪಚ್ಚಕರ್ಪೂರಗಳನ್ನು ಈ ಚೀಟಿಯಿಂದ ಹೊರಗಿಡಿ. ದೊಡ್ಡ ಹಂಡೆಯಲ್ಲಿ ಪ್ರಮಾಣಕ್ಕೆ ತಕ್ಕಷ್ಟು ನೀರು ಆವಿಯಾಗದು. 8 ಪಟ್ಟು ಸುರಿದರೆ ಪೊಂಗಲ್ ಗಂಜಿಯಾದೀತು. ಸ್ವಲ್ಪ ಕಡಿಮೆ ಹಾಕಿ, ಪಕ್ಕದ ಒಲೆಯಲ್ಲಿ ಬಿಸಿನೀರು ಇಟ್ಟುಕೊಂಡು, ಅಗುಳನ್ನು ಹಿಸುಕಿ ನೋಡುತ್ತಾ ಬೇಕಾದಷ್ಟು ಸೇರಿಸಿ. ಪರಿಮಳದ ಸಾಮಾನುಗಳನ್ನು ಅರ್ಧದಷ್ಟು ಹಾಕಿ, ರುಚಿ ನೋಡಿ ಹೆಚ್ಚಿಸಿ.