ಗೊಂಬೆ ಹಬ್ಬಕ್ಕೆ ಮಾಲ್‌ನಲ್ಲೊಂದು ಮಳಿಗೆ: ಒಂದೇ ಪುಟದ ಅರ್ಜಿ ಹೀಗಿರಲಿ

ಮಾಲ್‌ಗಳ ನಡುವಣ ಹಾದಿಯಲ್ಲಿ ನಾಲ್ಕೂ ಕಡೆ ತೆರೆದಿರುವ ಪುಟ್ಟ ಮಳಿಗೆಗಳನ್ನು ನೀವು ನೋಡಿರುತ್ತೀರಿ. ಅವಕ್ಕೆ ಕಿಯೋಸ್ಕ್ ಎನ್ನುತ್ತಾರೆ. ವರ್ಷಗಟ್ಟಲೆ ಬಾಡಿಗೆಗೆ ಹೋಗುವ ಅಂಗಡಿಗಳಿಗಿಂತ ಇವುಗಳ ಲೆಕ್ಕವೇ ಬೇರೆ. ತಿಂಗಳಿಗೋ, ಕೆಲವೊಮ್ಮೆ ವಾರಕ್ಕೋ ಜಾಗ ಸಿಗುತ್ತದೆ. ಕರಾರು ಮುಗಿದ ರಾತ್ರಿಯೇ ಬಿಚ್ಚಿಕೊಂಡು ಹೋಗಬೇಕು. ಹಬ್ಬದ ತಿಂಗಳಲ್ಲಿ ಇಂಥ ಜಾಗಕ್ಕೆ ಹತ್ತಾರು ಜನ ಕೇಳಿಕೊಂಡು ಬರುತ್ತಾರೆ. ಅಷ್ಟೂ ಅರ್ಜಿಗಳ ನಡುವೆ ಮ್ಯಾನೇಜರ್ ಪೂರ್ತಿ ಓದುವುದು ಒಂದು ಪುಟದಲ್ಲಿ ಮುಗಿಯುವಂಥದ್ದನ್ನು. ಆ ಪುಟದಲ್ಲಿ ಏನಿರಬೇಕು ಎನ್ನುವುದನ್ನು ಚನ್ನಪಟ್ಟಣದ ಗೊಂಬೆಗಳನ್ನೇ ಇಟ್ಟುಕೊಂಡು ನೋಡೋಣ. ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಮನೆಗಳು ಬೆಂಗಳೂರಿನಲ್ಲೂ ಮೈಸೂರಿನಲ್ಲೂ ಬೇಕಾದಷ್ಟಿವೆ. ಹಾಲೆ ಮರವನ್ನು ಕಡೆದು, ಅರಗಿನ ಬಣ್ಣ ಏರಿಸಿ ಮಾಡುವ ಈ ಗೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಐದು ಕುಶಲಕರ್ಮಿ ಕುಟುಂಬಗಳ ಗುಂಪೊಂದು ಬೆಂಗಳೂರಿನ ಮಾಲ್‌ಗೆ ಅರ್ಜಿ ಬರೆಯುತ್ತಿದೆ ಎಂದು ಭಾವಿಸಿಕೊಳ್ಳಿ. ಮುಂದಿನ ಅಂಕಿಗಳನ್ನು ಲೆಕ್ಕ ತೋರಿಸಲೆಂದು ನಾನೇ ಇಟ್ಟುಕೊಂಡಿದ್ದೇನೆ. ನಿಮ್ಮೂರಿನ ದರ ಬೇರೆಯೇ ಇರುತ್ತದೆ.

ಹೆಚ್ಚಿನವರು ಅರ್ಜಿಯನ್ನು ಕಲೆಯ ಇತಿಹಾಸದಿಂದ ಶುರುಮಾಡುತ್ತಾರೆ. ಆ ಇತಿಹಾಸದ ಬಗ್ಗೆ ನನಗೂ ಅಭಿಮಾನವಿದೆ, ಆದರೆ ಅದರ ಜಾಗ ಮಳಿಗೆಯ ಫಲಕದ ಮೇಲೆ. ಮ್ಯಾನೇಜರ್ ಮೊದಲು ಹುಡುಕುವುದು ನಾಲ್ಕು ಸಂಗತಿಗಳನ್ನು: ಏನು ಮಾರುತ್ತೀರಿ, ಎಷ್ಟು ಜಾಗ ಬೇಕು, ಯಾವ ದಿನದಿಂದ ಯಾವ ದಿನದವರೆಗೆ, ಎಷ್ಟು ಕೊಡುತ್ತೀರಿ. ಇವು ಮೊದಲ ಮೂರು ಸಾಲುಗಳಲ್ಲೇ ಇರಬೇಕು. ನಮ್ಮ ಗುಂಪು ಹೀಗೆ ಬರೆಯಬಹುದು:

“ಚನ್ನಪಟ್ಟಣದ ಮರದ ಗೊಂಬೆಗಳ ಮಾರಾಟಕ್ಕೆ ನಿಮ್ಮ ಮಾಲ್‌ನ ನೆಲಮಹಡಿಯಲ್ಲಿ ಆರು ಅಡಿ ಅಗಲ, ಎಂಟು ಅಡಿ ಉದ್ದದ ಜಾಗವನ್ನು ಮೂವತ್ತು ದಿನಗಳ ಮಟ್ಟಿಗೆ ಕೇಳುತ್ತಿದ್ದೇವೆ. ಮಹಾಲಯ ಅಮಾವಾಸ್ಯೆಗೆ ಹನ್ನೆರಡು ದಿನ ಮೊದಲು ಆರಂಭಿಸಿ, ವಿಜಯದಶಮಿಯ ನಂತರದ ವಾರ ಮುಗಿಸುತ್ತೇವೆ. ಕನಿಷ್ಠ 50,000 ರೂಪಾಯಿ ಅಥವಾ ಮಾರಾಟದ ಶೇಕಡಾ 15, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ಜಿಎಸ್‌ಟಿ ಸೇರಿಸಿ ಕೊಡುತ್ತೇವೆ.”

ಇದರಲ್ಲಿ ದಿನಾಂಕದ ಮಾತು ಬಹಳ ಮುಖ್ಯ. ಮಾಲ್‌ನವರ ಲೆಕ್ಕದಲ್ಲಿ ಹಬ್ಬದ ತಿಂಗಳು ಎಂದರೆ ದಸರೆಯಿಂದ ದೀಪಾವಳಿಯವರೆಗೆ. ಬಟ್ಟೆಗೂ ಸಿಹಿತಿಂಡಿಗೂ ಅದು ಸರಿ. ಆದರೆ ಗೊಂಬೆ ಕೂರಿಸುವವರು ಪಾಡ್ಯದ ಹೊತ್ತಿಗೆ ಮೆಟ್ಟಿಲು ಕಟ್ಟಿ, ಬಿಳಿ ಬಟ್ಟೆ ಹಾಸಿ, ಗೊಂಬೆಗಳನ್ನು ಜೋಡಿಸಿಬಿಟ್ಟಿರುತ್ತಾರೆ. ಮದುವೆಯ ಸೆಟ್, ದಸರಾ ಮೆರವಣಿಗೆಯ ಸೆಟ್ಟುಗಳು ಮಾರಾಟವಾಗುವುದು ಅದಕ್ಕಿಂತ ಮುಂಚಿನ ದಿನಗಳಲ್ಲಿ. ನವರಾತ್ರಿ ಶುರುವಾದ ಮೇಲೆ ಗಿರಾಕಿ ಬದಲಾಗುತ್ತಾರೆ. ಆಗ ಹೋಗುವುದು ಗೊಂಬೆ ನೋಡಲು ಬಂದ ಮಕ್ಕಳ ಕೈಗೆ ಕೊಡುವ ಬುಗುರಿ, ಗಿಲಕಿಯಂಥ ಸಣ್ಣ ಆಟಿಕೆಗಳು. ಮಾಲ್ ತಾನಾಗಿ ಕೊಡುವ ದಿನಾಂಕಕ್ಕೆ ಒಪ್ಪಿಕೊಂಡರೆ ದೊಡ್ಡ ಸೆಟ್ಟುಗಳೆಲ್ಲ ಹಾಗೇ ಉಳಿಯುತ್ತವೆ. ಮುಂಚಿನ ಹನ್ನೆರಡು ದಿನಗಳಲ್ಲಿ ಮಾಲ್‌ಗೂ ಜಾಗ ತೆರವಿರುವ ಸಾಧ್ಯತೆ ಹೆಚ್ಚು. ಹಾಗಾಗಿ ಈ ಕಾರಣವನ್ನು ಅರ್ಜಿಯಲ್ಲಿ ಒಂದು ಸಾಲಿನಲ್ಲಿ ಹೇಳಿಬಿಡಿ, ಚೌಕಾಸಿಗೂ ನೆರವಾಗುತ್ತದೆ.

ಈಗ ದುಡ್ಡಿನ ಲೆಕ್ಕ. ಮಾಲ್ ಮೊದಲು ಹೇಳುವುದು ಸಾಮಾನ್ಯವಾಗಿ ಏಕಗಂಟಿನ ಶುಲ್ಕ. ತಿಂಗಳಿಗೆ 90,000 ಎಂದರು ಎನ್ನೋಣ. ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಬೀಳುತ್ತದೆ, ಅಲ್ಲಿಗೆ 1,06,200. ಇಬ್ಬರು ಮಾರಾಟದವರ ಸಂಬಳ 36,000, ಬಾಡಿಗೆಗೆ ತಂದ ಕಿಯೋಸ್ಕಿಗೆ 25,000, ಸಾಗಣೆ ಮತ್ತು ಪ್ಯಾಕಿಂಗ್‌ಗೆ 12,800 ಸೇರಿದರೆ ಒಟ್ಟು ಖರ್ಚು 1,80,000 ರೂಪಾಯಿ. ನೂರು ರೂಪಾಯಿ ಮಾರಾಟದಲ್ಲಿ ಗೊಂಬೆ ಮಾಡಿದವರ ಕೂಲಿ, ಮರ, ಅರಗು, ತೆರಿಗೆ ಎಲ್ಲ ಕಳೆದು ಗುಂಪಿಗೆ 45 ರೂಪಾಯಿ ಉಳಿಯುತ್ತದೆ ಎಂದುಕೊಂಡರೆ, ಖರ್ಚು ಹುಟ್ಟಲು ನಾಲ್ಕು ಲಕ್ಷದ ಮಾರಾಟ ಆಗಲೇಬೇಕು. ಒಂದು ಬಿಲ್ಲು ಸರಾಸರಿ 400 ರೂಪಾಯಿ ಎಂದರೆ ದಿನಕ್ಕೆ 33 ಬಿಲ್ಲು. ಭಾನುವಾರ ಇದು ಕಷ್ಟವಲ್ಲ. ಮಂಗಳವಾರ ಮಧ್ಯಾಹ್ನ ಖಾಲಿ ಹಾದಿಯಲ್ಲಿ ಕೂತವರಿಗೆ ಇದರ ಭಾರ ಗೊತ್ತಾಗುತ್ತದೆ.

ಅದಕ್ಕೇ ಕನಿಷ್ಠ ಖಾತರಿ ಮತ್ತು ಪಾಲು ಎಂಬ ಎರಡನೆಯ ದಾರಿಯನ್ನು ಅರ್ಜಿಯಲ್ಲಿ ನಾವೇ ಮುಂದಿಟ್ಟೆವು. ಕನಿಷ್ಠ 50,000ಕ್ಕೆ ಜಿಎಸ್‌ಟಿ ಸೇರಿ 59,000. ಉಳಿದ ಖರ್ಚು ಅದೇ 73,800. ಹೀಗೆ ಒಟ್ಟು 1,32,800 ಆಯಿತು. ಸುಮಾರು 2,95,000 ರೂಪಾಯಿಯ ಮಾರಾಟಕ್ಕೆ ಖರ್ಚು ಹುಟ್ಟುತ್ತದೆ, ಎಂದರೆ ದಿನಕ್ಕೆ 25 ಬಿಲ್ಲು. ಮಾರಾಟ 3,33,000 ದಾಟಿದ ಮೇಲೆ ಶೇಕಡಾ 15ರ ಪಾಲು ಕನಿಷ್ಠ ಮೊತ್ತವನ್ನು ಮೀರತೊಡಗುತ್ತದೆ. ಆರು ಲಕ್ಷ ಮುಟ್ಟಿದರೆ ಮಾಲ್‌ಗೆ ಸಿಗುವುದು ಸರಿಯಾಗಿ 90,000, ಅವರು ಮೊದಲು ಕೇಳಿದಷ್ಟೇ. ಅದಕ್ಕಿಂತ ಹೆಚ್ಚು ಮಾರಿದರೆ ಅವರಿಗೆ ಲಾಭ. ಹೊಸಬರಿಗೆ ಈ ದಾರಿಯೇ ಸರಿ ಎಂಬುದು ನನ್ನ ಅಭಿಪ್ರಾಯ. ಹಿಂದಿನ ವರ್ಷ ಅದೇ ಮಾಲ್‌ನಲ್ಲಿ ಆರು ಲಕ್ಷ ಮೀರಿ ಮಾರಿದ ಲೆಕ್ಕ ಕೈಯಲ್ಲಿದ್ದವರು ಮಾತ್ರ ಏಕಗಂಟಿಗೆ ಹೋಗಲಿ. ಪಾಲಿನ ಒಪ್ಪಂದಕ್ಕೆ ಮ್ಯಾನೇಜರ್ ಹಿಂಜರಿಯುವುದು ಮಾರಾಟವನ್ನು ಕಡಿಮೆ ತೋರಿಸಿಯಾರು ಎಂಬ ಶಂಕೆಯಿಂದ. “ಪ್ರತಿ ಮಾರಾಟಕ್ಕೂ ಯಂತ್ರದ ಬಿಲ್ಲು ಕೊಡುತ್ತೇವೆ, ದಿನದ ಮಾರಾಟದ ವರದಿಯನ್ನು ಅದೇ ರಾತ್ರಿ ನಿಮ್ಮ ಕಚೇರಿಗೆ ಕಳುಹಿಸುತ್ತೇವೆ” ಎಂಬ ವಾಕ್ಯವನ್ನು ಮೊತ್ತದ ಪಕ್ಕದಲ್ಲೇ ಬರೆಯಿರಿ. ಪಾಲು ಲೆಕ್ಕ ಹಾಕುವುದು ಜಿಎಸ್‌ಟಿ ಕಳೆದ ಮಾರಾಟದ ಮೇಲೆ ಎಂಬುದನ್ನೂ ಸೇರಿಸಿ. ಇದನ್ನು ಬಿಟ್ಟರೆ ಸರ್ಕಾರಕ್ಕೆ ಕಟ್ಟುವ ತೆರಿಗೆಯ ಮೇಲೂ ಮಾಲ್‌ಗೆ ಪಾಲು ಕೊಟ್ಟಂತಾಗುತ್ತದೆ.

ಪುಟದ ಅರ್ಧ ಇಷ್ಟಕ್ಕೇ ಮುಗಿಯುತ್ತದೆ. ಉಳಿದರ್ಧ ಮ್ಯಾನೇಜರ್‌ಗಾಗಿ ಅಲ್ಲ, ಅವರು ಈ ಹಾಳೆಯನ್ನು ಯಾರಿಗೆ ತೋರಿಸಬೇಕೋ ಅವರಿಗಾಗಿ. ದೊಡ್ಡ ಮಾಲ್‌ಗಳಲ್ಲಿ ಹಾದಿಯ ಜಾಗ ಕೊಡುವ ವಿಭಾಗ ಒಂದು, ಕಟ್ಟಡದ ನಿರ್ವಹಣೆ ನೋಡುವವರು ಇನ್ನೊಬ್ಬರು. ಭದ್ರತೆಯವರೂ ವಿದ್ಯುತ್ತಿನವರೂ ಬೇರೆ. ಇವರಲ್ಲಿ ಒಬ್ಬರು ತಲೆಯಾಡಿಸದಿದ್ದರೂ ಅರ್ಜಿ ಅಲ್ಲೇ ನಿಲ್ಲುತ್ತದೆ. ಅವರ ಪ್ರಶ್ನೆಗಳು ಹೆಚ್ಚಾಗಿ ಒಂದೇ ತೆರನಾಗಿರುತ್ತವೆ. ಮಳಿಗೆ ಎತ್ತರವಾದರೆ ಹಿಂದಿರುವ ಅಂಗಡಿಯ ಫಲಕ ಮರೆಯಾಗುತ್ತದೆ, ಬಾಡಿಗೆ ಕೊಡುವ ಅಂಗಡಿಯವರು ಮರುದಿನವೇ ದೂರುತ್ತಾರೆ. ಆದ್ದರಿಂದ ಕಪಾಟಿನ ಎತ್ತರ ನಾಲ್ಕೂವರೆ ಅಡಿ ಮೀರುವುದಿಲ್ಲ ಎಂದು ಬರೆಯಿರಿ. ತುರ್ತು ನಿರ್ಗಮನದ ದಾರಿಗೂ ಎಸ್ಕಲೇಟರ್ ಇಳಿಯುವ ಜಾಗಕ್ಕೂ ಅಡ್ಡ ಬರುವುದಿಲ್ಲ, ಬೆಂಕಿ ತಡೆಯುವ ಪ್ಲೈವುಡ್ ಬಳಸುತ್ತೇವೆ ಎಂಬುದೂ ಇರಲಿ. ಎಲ್‌ಇಡಿ ದೀಪ ಮತ್ತು ಬಿಲ್ಲಿನ ಯಂತ್ರಕ್ಕೆ 500 ವ್ಯಾಟ್ ಒಳಗೆ ಸಾಕು. ಸರಕು ಮಾಲ್ ತೆರೆಯುವ ಮುಂಚೆ ಸರ್ವಿಸ್ ಲಿಫ್ಟಿನಲ್ಲೇ ಬರುತ್ತದೆ ಎಂಬ ಒಂದು ಸಾಲು ಭದ್ರತೆಯವರಿಗೆ ಸಮಾಧಾನ ಕೊಡುತ್ತದೆ.

ಗೊಂಬೆಯವರಿಗೆ ಇಲ್ಲೊಂದು ಆಸೆ ಹುಟ್ಟುತ್ತದೆ. ಲೇತ್ ಇಟ್ಟು, ತಿರುಗುವ ಮರಕ್ಕೆ ಅರಗು ಒತ್ತಿ, ಆ ಉಜ್ಜಿನ ಬಿಸಿಗೆ ಬಣ್ಣ ಕರಗಿ ಹತ್ತುವುದನ್ನು ಜನರ ಕಣ್ಣೆದುರೇ ತೋರಿಸಬೇಕು ಎಂದು. ನೋಡಲು ಅದಕ್ಕಿಂತ ಚೆಂದದ್ದಿಲ್ಲ. ಆದರೆ ಮರದ ಹೊಟ್ಟು ಹಾರುವ ಮೋಟಾರಿನ ಯಂತ್ರವನ್ನು ಹೊಗೆ ಪತ್ತೆ ಸಾಧನಗಳ ಕೆಳಗೆ ಇಡಲು ಯಾವ ನಿರ್ವಹಣೆಯವರೂ ಸುಲಭವಾಗಿ ಒಪ್ಪುವುದಿಲ್ಲ. ಇದನ್ನು ಬರೆದರೆ ಮಿಕ್ಕ ಅರ್ಜಿಯೂ ಬದಿಗೆ ಸರಿಯಬಹುದು. ಶನಿವಾರ, ಭಾನುವಾರ ಕುಶಲಕರ್ಮಿಯೊಬ್ಬರು ಕೂತು ಗೊಂಬೆಗೆ ಕಣ್ಣು, ಮೂಗು ಬರೆಯುತ್ತಾರೆ ಎಂದರೆ ಜನರೂ ಸೇರುತ್ತಾರೆ, ತಕರಾರೂ ಇರುವುದಿಲ್ಲ.

ಕಾಗದಪತ್ರಗಳ ವಿಷಯದಲ್ಲಿ ಆಟಿಕೆಗೆ ವಿಶೇಷವಾದ ಒಂದು ನಿಯಮ ಇದೆ. 2021ರ ಜನವರಿ 1ರಿಂದ ದೇಶದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಆಟಿಕೆಗೆ ವಿನಾಯಿತಿ ಇದೆ. ಭೌಗೋಳಿಕ ಸೂಚಕದ ನೋಂದಾಯಿತ ಮಾಲೀಕರೂ ಅಧಿಕೃತ ಬಳಕೆದಾರರೂ ಮಾರುವ ಆಟಿಕೆಗೂ ಇದೆ. ಸಗಟು ಪೇಟೆಯಿಂದ ತಂದ ಬೇರೆ ಆಟಿಕೆಯನ್ನು ನಡುವೆ ಬೆರೆಸಿದರೆ ಆ ವಿನಾಯಿತಿ ಅದಕ್ಕೆ ಸಿಗುವುದಿಲ್ಲ. ಮುಟ್ಟುಗೋಲು ಬಂದರೆ ಮಾಲ್‌ಗೂ ಮುಜುಗರ. ಆದ್ದರಿಂದ ಪುಟದ ಕೊನೆಯಲ್ಲಿ “ನಾವು ಮಾಡಿದ ಗೊಂಬೆಗಳನ್ನು ಮಾತ್ರ ಮಾರುತ್ತೇವೆ, ಕುಶಲಕರ್ಮಿ ಗುರುತಿನ ಚೀಟಿಗಳ ಪ್ರತಿ ಲಗತ್ತಿಸಿದೆ” ಎಂದು ಬರೆದು, ಚೀಟಿಯ ಪ್ರತಿ, ಜಿಎಸ್‌ಟಿ ಸಂಖ್ಯೆ ಮತ್ತು ಮಳಿಗೆಯ ಒಂದು ಚಿತ್ರವನ್ನು ಬೇರೆ ಹಾಳೆಯಲ್ಲಿ ಸೇರಿಸಿ. ಮಾಲ್‌ನಲ್ಲಿ ಈಗಾಗಲೇ ದೊಡ್ಡ ಆಟಿಕೆ ಅಂಗಡಿ ಇದ್ದರೆ ಮರದ ಗೊಂಬೆಯ ಹೊರತು ಬೇರೇನೂ ಮಾರುವುದಿಲ್ಲ ಎಂಬ ಈ ಮಾತೇ ಅವರ ಆಕ್ಷೇಪಕ್ಕೂ ಉತ್ತರ.

ಜಾಗವನ್ನು ಆರಿಸುವ ಮೊದಲು ಒಂದು ಕೆಲಸ ಮಾಡಿ. ದಿನಕ್ಕೆ ಇಷ್ಟು ಸಾವಿರ ಜನ ಬರುತ್ತಾರೆ ಎಂದು ಮಾಲ್ ಹೇಳುವ ಸಂಖ್ಯೆ ಬಾಗಿಲಲ್ಲಿ ಎಣಿಸಿದ್ದು. ನಿಮ್ಮ ಮೂಲೆಯ ಮುಂದೆ ಹಾಯುವವರು ಅದರಲ್ಲಿ ಒಂದು ಪಾಲು ಮಾತ್ರ. ವಾರದ ಒಂದು ಸಂಜೆ, ಭಾನುವಾರದ ಒಂದು ಸಂಜೆ ಅಲ್ಲೇ ಗಂಟೆ ಹೊತ್ತು ನಿಂತು, ಹಾಯುವವರನ್ನೂ ಅಕ್ಕಪಕ್ಕದ ಕಿಯೋಸ್ಕಿನ ಮುಂದೆ ನಿಲ್ಲುವವರನ್ನೂ ಎಣಿಸಿಕೊಳ್ಳಿ. ಎಸ್ಕಲೇಟರ್ ಬಳಿ ಜನ ಹೆಚ್ಚು ಕಂಡರೂ ಅಲ್ಲಿ ನಿಲ್ಲುವವರು ಕಡಿಮೆ. ಮಕ್ಕಳ ಆಟದ ಜಾಗಕ್ಕೋ ತಿಂಡಿಯ ಮಹಡಿಗೋ ಹೋಗುವ ಹಾದಿಯಲ್ಲಿ ಅಪ್ಪ ಅಮ್ಮಂದಿರ ಹೆಜ್ಜೆ ನಿಧಾನವಾಗುತ್ತದೆ. ಮೊದಲ ಆಯ್ಕೆ, ಎರಡನೆಯ ಆಯ್ಕೆ ಎಂದು ಎರಡು ಜಾಗಗಳನ್ನು ಅರ್ಜಿಯಲ್ಲಿ ಹೆಸರಿಸಿ. ಒಂದನ್ನೇ ಬರೆದರೆ “ಅದು ಖಾಲಿಯಿಲ್ಲ” ಎನ್ನುವುದರೊಂದಿಗೆ ಮಾತು ಮುಗಿದುಹೋಗುತ್ತದೆ.

ಅರ್ಜಿಯನ್ನು ಇಂಗ್ಲಿಷ್‌ನಲ್ಲಿ ಕಳುಹಿಸಬೇಕಾಗಿದ್ದರೂ ಮೊದಲು ಕನ್ನಡದಲ್ಲೇ ಬರೆದು ಗುಂಪಿನ ಎಲ್ಲರಿಗೂ ಓದಿಹೇಳಿ. ದುಡ್ಡು ಹಾಕುವವರಿಗೆ ಎಲ್ಲ ಅಂಕಿಗಳೂ ಗೊತ್ತಿರಬೇಕು. ಆಷಾಢದೊಳಗೆ ಕಳುಹಿಸಿಬಿಡಿ, ಶ್ರಾವಣ ಕಳೆಯುವಷ್ಟರಲ್ಲಿ ಒಳ್ಳೆಯ ಜಾಗಗಳು ಹಂಚಿಹೋಗಿರುತ್ತವೆ. ಒಪ್ಪಿಗೆ ಬಂದ ಮೇಲೆ ಮುಂಗಡ ಕಟ್ಟುವ ಮೊದಲು ಮೂರು ವಿಷಯಗಳನ್ನು ಬರಹದಲ್ಲಿ ಕೇಳಿ ಪಡೆಯಿರಿ: ವಿದ್ಯುತ್ ಶುಲ್ಕ ಆ ಮೊತ್ತದಲ್ಲೇ ಸೇರಿದೆಯೇ, ನಡುವೆ ಜಾಗ ಬದಲಾಯಿಸಿದರೆ ಶುಲ್ಕ ಇಳಿಸುತ್ತಾರೆಯೇ, ಠೇವಣಿ ಎಷ್ಟು ದಿನಕ್ಕೆ ವಾಪಸು ಬರುತ್ತದೆ. ಈ ಮೂರಕ್ಕೂ ಉತ್ತರ ಬರುವವರೆಗೆ ದುಡ್ಡು ಕಟ್ಟಬೇಡಿ.